ಮ್ಯಾಪಿನಲ್ಲಿ ಬಾಗಿಲು ತೆರೆದ ಅಂಗಡಿಗಳು

ಅಡಿಕೆ ಕೊಯ್ಲು ಶುರುವಾಯಿತೆಂದರೆ ಚನ್ನಗಿರಿಯ ಯಂತ್ರ ರಿಪೇರಿ ಅಂಗಡಿಗಳಿಗೆ ಉಸಿರಾಡಲು ಪುರುಸೊತ್ತಿಲ್ಲ. ಸುಲಿಯುವ ಯಂತ್ರದ ಬ್ಲೇಡು ಮೊಂಡಾದರೆ, ಬೆಲ್ಟು ಹರಿದರೆ ಕೊಯ್ದ ಕಾಯಿ ರಾಶಿಯಾಗಿ ಬಿದ್ದಿರುತ್ತದೆ. ಅಂಥ ಹೊತ್ತಿನಲ್ಲಿ ತೋಟದವರು ಮೊಬೈಲ್ ತೆಗೆದು ಗೂಗಲ್ ಮ್ಯಾಪಿನಲ್ಲಿ ಹುಡುಕುತ್ತಾರೆ. ಆಗ ಕಾಣುವ ಅಂಗಡಿಯ ಪುಟದಲ್ಲಿ ಫೋಟೊ, ವಿಳಾಸದ ಜೊತೆಗೆ ಮಾಲೀಕರೇ ಹಾಕುವ ಪುಟ್ಟ ಪ್ರಕಟಣೆಗಳೂ ಇರುತ್ತವೆ. ಅವುಗಳನ್ನು ನೋಡಲೆಂದೇ ಈ ಕಡೆ ಬಂದಿದ್ದೆ.

“ಬರ್ರೀ ಸಾರ್, ನಮ್ಮ ಹುಡುಗಿ ತೋರಿಸ್ತಾಳೆ” ಎಂದರು ಗ್ರೀಸು ಮೆತ್ತಿದ ಕೈಯ ಯಜಮಾನರು. ಅಂಗಡಿಯ ಖಾತೆಯಿಂದ ಲಾಗಿನ್ ಆಗಿದ್ದ ಮಗಳು ಗೂಗಲ್‌ನಲ್ಲಿ ತಮ್ಮ ಅಂಗಡಿಯ ಹೆಸರು ಟೈಪ್ ಮಾಡಿದಳು. ಬಂದ ಪಟ್ಟಿಯಲ್ಲಿ Add update ಒತ್ತಿದಾಗ ಮೂರು ಬಗೆ ಕಂಡವು: Update, Offer, Event. ಅವಳು Offer ಆರಿಸಿ ಹೀಗೆ ಬರೆದಳು: “ಅಡಿಕೆ ಸುಲಿಯುವ ಯಂತ್ರದ ಸರ್ವೀಸ್: ಕೂಲಿಯಲ್ಲಿ 10% ರಿಯಾಯಿತಿ. ಬಿಡಿಭಾಗದ ಬೆಲೆಗೆ ಅನ್ವಯಿಸದು.” ಶುರುವಿನ ದಿನ, ಕೊನೆಯ ದಿನ ಎರಡನ್ನೂ ತುಂಬಿದಳು. ಇವು ಕಡ್ಡಾಯ. ಅವಧಿ ಮುಗಿದ ಮೇಲೆ ಆಫರ್ ಚಾಲ್ತಿಯಲ್ಲಿ ಉಳಿಯುವುದಿಲ್ಲ, ಹಾಗಾಗಿ ಹಳೇ ರಿಯಾಯಿತಿ ಹಿಡಿದು ಜಗಳಕ್ಕೆ ಬರುವವರಿಲ್ಲ.

ತೊಡಕು ಬಂದದ್ದು ಬಟನ್ನಿನ ವಿಷಯದಲ್ಲಿ. ಅವಳಿಗೆ ಬೇಕಿದ್ದುದು Call now, ಅಂದರೆ ಒತ್ತಿದ ಕೂಡಲೇ ಅಂಗಡಿಗೆ ಕರೆ ಹೋಗುವ ಬಟನ್. ಆದರೆ Offer ಬಗೆಯಲ್ಲಿ ಬಟನ್ ಆರಿಸಲು ಬರುವುದಿಲ್ಲ. View offer ಎಂಬುದು ತಾನಾಗಿಯೇ ಬಂದು ಕೂರುತ್ತದೆ. ರಿಪೇರಿ ಅಂಗಡಿಗೆ ವೆಬ್‌ಸೈಟ್ ಇಲ್ಲ, ಬರುವ ವ್ಯಾಪಾರವೆಲ್ಲ ಫೋನಿನಲ್ಲೇ. ಆದ್ದರಿಂದ ಆಫರನ್ನು ಹಾಗೇ ಬಿಟ್ಟು, Update ಬಗೆಯಲ್ಲಿ ಇನ್ನೊಂದು ಪೋಸ್ಟ್ ಬರೆದು ಅದಕ್ಕೆ Call now ಸೇರಿಸಿದಳು. ನನ್ನ ಮಟ್ಟಿಗೆ ನಮ್ಮ ಕಡೆಯ ಸಣ್ಣ ಅಂಗಡಿಗಳಿಗೆ ಈ ಜೋಡಿಯೇ ಸರಿ. ಒಂದು ರಿಯಾಯಿತಿಯ ಅವಧಿಯನ್ನು ಕಾಯುತ್ತದೆ, ಇನ್ನೊಂದು ಕರೆ ತರುತ್ತದೆ.

Call now ಬಟನ್ ಅಂಗಡಿಯ ಪುಟದಲ್ಲಿ ಮೊದಲೇ ದಾಖಲಾದ ಮುಖ್ಯ ನಂಬರಿಗೆ ಕರೆ ಮಾಡುತ್ತದೆ. ಪೋಸ್ಟಿನಲ್ಲಿ ಬೇರೆ ನಂಬರ್ ಕೊಡಲು ಜಾಗವಿಲ್ಲ. ಯಜಮಾನರ ಪುಟದಲ್ಲಿ ಎಂದೋ ಕಡಿತಗೊಂಡ ಲ್ಯಾಂಡ್‌ಲೈನ್ ನಂಬರ್ ಇತ್ತು. ನನ್ನ ಫೋನಿನಿಂದ ಬಟನ್ ಒತ್ತಿ ನೋಡಿದಾಗಲೇ ಅದು ಗೊತ್ತಾದದ್ದು. ಕೂಡಲೇ Edit profile ತೆರೆದು ನಂಬರ್ ಬದಲಿಸಿದರು.

ಹೊನ್ನಾಳಿಯ ಒಂದು ಸೀರೆ ಅಂಗಡಿಯವರು ಬಟನ್ ಗೊಡವೆಯೇ ಬೇಡವೆಂದು ಪೋಸ್ಟಿನ ಬರಹದಲ್ಲೇ ಮೊಬೈಲ್ ನಂಬರ್ ಹಾಕಿದ್ದರು. ಪೋಸ್ಟ್ ತಿರಸ್ಕೃತವಾಗಿತ್ತು. ಬರಹದಲ್ಲಿ ಫೋನ್ ನಂಬರ್ ಇರಕೂಡದೆಂಬುದು ಗೂಗಲ್‌ನ ನಿಯಮ. ನಂಬರ್ ತೆಗೆದು ಮತ್ತೆ ಹಾಕಿದರು, ಪೋಸ್ಟ್ ಪ್ರಕಟವಾಯಿತು.

ನ್ಯಾಮತಿಯ ಬೇಕರಿಯೊಂದರ ಪುಟದಲ್ಲಿ “ನಾಳೆ ಅಂಗಡಿ ರಜೆ” ಎಂದಿತ್ತು. ಯಾವ ನಾಳೆ? ದಿನಾಂಕ ಕೊಡದ Update ಪೋಸ್ಟ್ ಆರು ತಿಂಗಳವರೆಗೆ ಪುಟದಲ್ಲಿ ಉಳಿಯಬಲ್ಲದು. ಇಂದು, ನಾಳೆ ಎಂಬ ಮಾತು ಬಿಟ್ಟು ತಾರೀಖು ಬರೆಯಬೇಕು, ಕೆಲಸ ಮುಗಿದ ಮೇಲೆ ಪೋಸ್ಟನ್ನು ಅಳಿಸಬೇಕು.

ಎಲ್ಲಕ್ಕಿಂತ ಹೆಚ್ಚು ಸಂಕಟ ಕೊಡುವುದು ವೇಳೆಯ ವಿಷಯ. ಜಗಳೂರಿನಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿಯವರೊಬ್ಬರು ಹಬ್ಬಕ್ಕೆ ಎರಡು ದಿನ ರಜೆ ಎಂದು ತಾರೀಖು ಸಮೇತ ಪೋಸ್ಟ್ ಹಾಕಿದ್ದರು. ಆದರೂ ದೂರದ ಹಳ್ಳಿಯ ರೈತರೊಬ್ಬರು ಸುಟ್ಟ ಬೋರ್‌ವೆಲ್ ಮೋಟಾರನ್ನು ಗಾಡಿಗೆ ಹಾಕಿಕೊಂಡು ಬಂದು, ಬೀಗ ನೋಡಿ ವಾಪಸು ಹೋದರು. ತಪ್ಪು ರೈತರದ್ದಲ್ಲ. ಮ್ಯಾಪಿನಲ್ಲಿ ಅಂಗಡಿಯ ಹೆಸರಿನ ಕೆಳಗೆ ಹಸಿರಿನಲ್ಲಿ Open ಎಂದೇ ಇತ್ತು. ಪೋಸ್ಟಿನ ಬರಹ ಮನುಷ್ಯರು ಓದುವುದಕ್ಕೆ ಮಾತ್ರ. ಅದರಿಂದ ಅಂಗಡಿಯ ವೇಳೆ ಬದಲಾಗುವುದಿಲ್ಲ. ವೇಳೆಗೆ ಬೇರೆಯೇ ಜಾಗವಿದೆ: Edit profile ಒಳಗೆ Hours, ಅದರಲ್ಲಿ Special hours. ಅಲ್ಲಿ ರಜೆಯ ದಿನಾಂಕ ಸೇರಿಸಿ Closed ಎಂದು ಗುರುತು ಮಾಡಿದರೆ ಆ ದಿನಕ್ಕಷ್ಟೇ ಮುಚ್ಚಿದೆ ಎಂದು ತೋರಿಸುತ್ತದೆ. ಮಾಮೂಲಿ ವೇಳಾಪಟ್ಟಿ ಕೆಡುವುದಿಲ್ಲ. ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕುವವರು ಮಾಮೂಲಿ ವೇಳೆಯಲ್ಲೇ ಬೆಳಿಗ್ಗೆ, ಮಧ್ಯಾಹ್ನದ ನಂತರ ಎಂದು ಎರಡು ಭಾಗ ಕೊಡಬಹುದು.

ಅಂಗಡಿಯವರಲ್ಲಿ ಒಂದು ವಿನಂತಿ. ರಜೆಯ ಪೋಸ್ಟ್ ಬರೆಯುವ ಮೊದಲು Special hours ತುಂಬಿ. ಆಮೇಲೆ ಮನೆಯವರ ಫೋನಿನಲ್ಲಿ ನಿಮ್ಮ ಅಂಗಡಿಯ ಪುಟ ತೆರೆದು, ವೇಳೆ ನೋಡಿ, Call now ಒತ್ತಿ, ನಿಮ್ಮ ಫೋನೇ ರಿಂಗ್ ಆಗುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳಿ.