ವೇದಿಕೆ ಏರುವ ಮುನ್ನ ಬರೆಯಬೇಕಾದ ಒಂದು ಪುಟ

ತಂತ್ರಜ್ಞಾನ ಸಮ್ಮೇಳನಗಳಲ್ಲಿ ಮಾತನಾಡುವವರ ಪೈಕಿ ಆಹ್ವಾನಿತರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಅರ್ಜಿ ಹಾಕಿ ಆಯ್ಕೆಯಾದವರು. ಆ ಅರ್ಜಿಗೆ ಪ್ರಪೋಸಲ್ ಎಂದು ಹೆಸರು. ಅರ್ಜಿ ಕರೆಯುವ ಪ್ರಕಟಣೆಯನ್ನು ಈ ವಲಯದವರು ಸಿಎಫ್‌ಪಿ ಎನ್ನುತ್ತಾರೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಬಳಕೆದಾರರು ನಡೆಸುವ ಪೈಕಾನ್ ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲ ಪೈಕಾನ್ 2003ರಲ್ಲಿ ವಾಷಿಂಗ್ಟನ್‌ನಲ್ಲಿ ನಡೆಯಿತು. ಭಾರತದ ಮೊದಲ ಪೈಕಾನ್ ನಡೆದದ್ದು 2009ರಲ್ಲಿ, ಬೆಂಗಳೂರಿನಲ್ಲಿ. ಇಂಥ ಕಡೆಗೆ ಬರುವ ಅರ್ಜಿಗಳು ಇರುವ ಜಾಗಕ್ಕಿಂತ ಹಲವು ಪಟ್ಟು ಹೆಚ್ಚು. ಆದ್ದರಿಂದ ವಿಷಯ ಚೆನ್ನಾಗಿದ್ದರೂ ಬರೆದ ರೀತಿಯಿಂದಲೇ ಬಿದ್ದುಹೋಗುವ ಅರ್ಜಿಗಳು ಕಡಿಮೆಯಲ್ಲ.

ಅರ್ಜಿಗಳನ್ನು ಓದುವವರು ಬಹುಪಾಲು ಸಂಬಳವಿಲ್ಲದ ಸ್ವಯಂಸೇವಕರು. ಹಗಲೆಲ್ಲ ತಮ್ಮ ಕೆಲಸ ಮುಗಿಸಿ, ರಾತ್ರಿ ಹತ್ತಿಪ್ಪತ್ತು ಅರ್ಜಿಗಳನ್ನು ಒಟ್ಟಿಗೆ ಓದಿ ಅಂಕ ಕೊಡುವವರು. ಅವರ ತಲೆಯಲ್ಲಿರುವ ಪ್ರಶ್ನೆಗಳು ಸರಳ: ಇದು ಯಾರಿಗಾಗಿ, ಕೇಳಿದವರು ಏನನ್ನು ಕಲಿತು ಹೊರಡುತ್ತಾರೆ, ಕೊಟ್ಟ ಸಮಯದಲ್ಲಿ ಇಷ್ಟು ಹೇಳಿ ಮುಗಿಸಲು ಆಗುತ್ತದೆಯೇ, ಹೇಳುವವರಿಗೆ ವಿಷಯ ನಿಜವಾಗಿ ಗೊತ್ತಿದೆಯೇ. ಕೊನೆಯ ಪ್ರಶ್ನೆಗೆ ಉತ್ತರ ಹುದ್ದೆ, ಪದವಿಗಳಿಂದ ಸಿಗುವುದಿಲ್ಲ. ಅಮೆರಿಕದ ಪೈಕಾನ್‌ನಂಥ ಕಡೆ ಮೊದಲ ಸುತ್ತಿನಲ್ಲಿ ಅರ್ಜಿದಾರರ ಹೆಸರನ್ನೇ ಮರೆಮಾಡಿ ಓದುತ್ತಾರೆ. ಹಾಗಾಗಿ ಬರಹದೊಳಗಿನ ವಿವರಗಳೇ ಬರೆದವರ ಅರ್ಹತೆಗೆ ಸಾಕ್ಷಿ ಹೇಳಬೇಕು. ಹೆಸರಿಲ್ಲದೆ ಓದುವ ಕಡೆ ಸಾರಾಂಶದಲ್ಲಿ ತಮ್ಮ ಹೆಸರನ್ನೋ ಕಂಪನಿಯ ಹೆಸರನ್ನೋ ತೂರಿಸಿದರೆ ಅದು ನಿಯಮಭಂಗವೂ ಆಗುತ್ತದೆ.

ಒಂದು ಕಾಲ್ಪನಿಕ ಅರ್ಜಿಯನ್ನು ಹಂತಹಂತವಾಗಿ ತಿದ್ದುತ್ತ ಹೋದರೆ ಈ ಕೆಲಸದ ಸ್ವರೂಪ ತಿಳಿಯುತ್ತದೆ. ಅರ್ಜಿದಾರರು ಕನ್ನಡ ಹೆಸರುಗಳನ್ನು ನಿಭಾಯಿಸುವ ತಂತ್ರಾಂಶ ಬರೆದ ಎಂಜಿನಿಯರ್. ಮೂವತ್ತು ನಿಮಿಷದ ಉಪನ್ಯಾಸಕ್ಕೆ ಭಾರತದ ಪೈಥಾನ್ ಸಮ್ಮೇಳನವೊಂದಕ್ಕೆ ಅರ್ಜಿ ಹಾಕುತ್ತಿದ್ದಾರೆ ಎಂದುಕೊಳ್ಳೋಣ. ಇಂಥ ಅರ್ಜಿಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತವೆ. ಇಲ್ಲಿ ಅವುಗಳನ್ನು ಕನ್ನಡದಲ್ಲೇ ಕೊಟ್ಟಿದೆ.

ಮೊದಲ ಕರಡಿನ ಶೀರ್ಷಿಕೆ: ‘ಪೈಥಾನ್ ಮತ್ತು ಕನ್ನಡ: ಒಂದು ಪರಿಚಯ’. ಸಾರಾಂಶ ಹೀಗೆ: ‘ಇಂದಿನ ಡಿಜಿಟಲ್ ಯುಗದಲ್ಲಿ ಭಾರತೀಯ ಭಾಷೆಗಳ ಬಳಕೆ ಹೆಚ್ಚುತ್ತಿದೆ. ಪೈಥಾನ್ ಬಹಳ ಜನಪ್ರಿಯ ಭಾಷೆ. ಈ ಉಪನ್ಯಾಸದಲ್ಲಿ ಯೂನಿಕೋಡ್, ಫಾಂಟ್, ಕೀಲಿಮಣೆ, ಅಕಾರಾದಿ ವಿಂಗಡಣೆ, ಹುಡುಕಾಟ ಮುಂತಾದ ವಿಷಯಗಳನ್ನು ಚರ್ಚಿಸಲಾಗುವುದು. ಹಲವು ಕುತೂಹಲಕರ ಸವಾಲುಗಳೂ ಅವುಗಳಿಗೆ ಅಚ್ಚರಿಯ ಪರಿಹಾರಗಳೂ ಇಲ್ಲಿವೆ.’

ಇದರಲ್ಲಿ ಸುಳ್ಳೇನೂ ಇಲ್ಲ, ಆದರೆ ಹಿಡಿದುಕೊಳ್ಳಲು ಏನೂ ಇಲ್ಲ. ಮೊದಲ ಎರಡು ವಾಕ್ಯಗಳು ಓದುವವರಿಗೆ ಮೊದಲೇ ಗೊತ್ತಿರುವ ಮಾತು. ಕನ್ನಡ ಎಂಬಲ್ಲಿ ತಮಿಳು ಎಂದು ಹಾಕಿದರೂ, ಪೈಥಾನ್ ಎಂಬಲ್ಲಿ ಜಾವಾ ಎಂದು ಹಾಕಿದರೂ ಸಾರಾಂಶ ಹಾಗೆಯೇ ನಿಲ್ಲುತ್ತದೆ; ಬೇರೊಬ್ಬರ ಉಪನ್ಯಾಸಕ್ಕೆ ಅಂಟಿಸಬಹುದಾದ ಸಾರಾಂಶ ಯಾರ ಉಪನ್ಯಾಸದ್ದೂ ಅಲ್ಲ. ಪಟ್ಟಿಯಲ್ಲಿರುವ ಐದು ವಿಷಯಗಳಲ್ಲಿ ಒಂದೊಂದಕ್ಕೂ ಅರ್ಧ ಗಂಟೆ ಸಾಲದು. ಎಲ್ಲಕ್ಕಿಂತ ತೊಡಕಿನದು ಕೊನೆಯ ವಾಕ್ಯ. ಸಿನಿಮಾ ಪೋಸ್ಟರಿನ ಹಾಗೆ ಗುಟ್ಟು ಬಿಟ್ಟುಕೊಡದೆ ಕುತೂಹಲ ಹುಟ್ಟಿಸುವ ಉಪಾಯ ಪ್ರೇಕ್ಷಕರ ಮೇಲೆ ನಡೆದೀತು. ಪರಿಹಾರ ಏನೆಂದೇ ತಿಳಿಯದೆ ಅಂಕ ಕೊಡಬೇಕಾದ ಪರಿಶೀಲಕರ ಮೇಲೆ ನಡೆಯದು.

ತಿದ್ದುವ ಕೆಲಸ ಶೀರ್ಷಿಕೆಯಿಂದ ಶುರುವಾಗುವುದಿಲ್ಲ. ಉಪನ್ಯಾಸದ ಒಂದೇ ಒಂದು ಸಂಗತಿಯನ್ನು ಆರಿಸುವುದು ಮೊದಲ ಕೆಲಸ, ಅದಕ್ಕೆ ದಾರಿ ತೋರಿಸುವುದು ಎಂಜಿನಿಯರ್ ಸ್ವತಃ ಎಡವಿದ ಜಾಗ. ಹೆಸರಿನ ಕಾಲಂಗೆ ಹತ್ತರ ಮಿತಿ ಹಾಕಿದ್ದ ಅವರ ಪ್ರೋಗ್ರಾಂ ಹೀಗೆ ನಡೆದುಕೊಂಡಿತ್ತು:

```python
name = "ಲಕ್ಷ್ಮೀದೇವಿ"
print(len(name))    # 11
print(name[:10])    # ಲಕ್ಷ್ಮೀದೇವ
```

ಲ, ಕ್ಷ್ಮೀ, ದೇ, ವಿ ಎಂದು ಓದುವವರ ಎಣಿಕೆಗೆ ಇದು ನಾಲ್ಕು ಅಕ್ಷರದ ಹೆಸರು. ಯೂನಿಕೋಡ್‌ನಲ್ಲಿ ವ್ಯಂಜನ, ಹಲಂತದ ಚಿಹ್ನೆ, ಸ್ವರಚಿಹ್ನೆ ಎಲ್ಲಕ್ಕೂ ಬೇರೆ ಬೇರೆ ಸಂಕೇತವಿದೆ. ಪೈಥಾನ್ ಎಣಿಸುವುದು ಆ ಸಂಕೇತಗಳನ್ನು. ಹತ್ತಕ್ಕೆ ಕತ್ತರಿಸಿದಾಗ ಉದುರಿದ್ದು ಕೊನೆಯ ಗುಡಿಸು ಮಾತ್ರ. ಹೆಣ್ಣಿನ ಹೆಸರು ಗಂಡಿನ ಹೆಸರಾಯಿತು, ಕಂಪ್ಯೂಟರ್ ಯಾವ ತಪ್ಪು ಸಂದೇಶವನ್ನೂ ತೋರಿಸಲಿಲ್ಲ. ಇದೇ ಹೆಸರಿನಲ್ಲಿ ಇನ್ನೊಂದು ತೊಡಕೂ ಅಡಗಿದೆ. ‘ದೇ’ಯ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘ ಎಂದು ಎರಡಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಆದರೆ `==` ಹಾಕಿ ಹೋಲಿಸಿದರೆ ಬೇರೆ ಬೇರೆ. `unicodedata.normalize("NFC", name)` ಎಂದು ಎರಡನ್ನೂ ಒಂದೇ ರೂಪಕ್ಕೆ ತಂದಮೇಲೆ ಹೋಲಿಕೆ ಸರಿಹೋಗುತ್ತದೆ.

ಇಷ್ಟು ಸಿಕ್ಕಮೇಲೆ ಉಪನ್ಯಾಸದ ವ್ಯಾಪ್ತಿ ತಾನಾಗಿ ಕಿರಿದಾಗುತ್ತದೆ. ಫಾಂಟ್ ಮತ್ತು ಕೀಲಿಮಣೆಯನ್ನು ಬಿಡುವುದು ಸುಲಭ. ಅಕಾರಾದಿ ವಿಂಗಡಣೆಯನ್ನು ಬಿಡುವುದು ಕಷ್ಟ, ಏಕೆಂದರೆ ಅದೂ ಸೊಗಸಾದ ವಿಷಯ: ಯೂನಿಕೋಡ್ ಸಂಖ್ಯೆಯ ಕ್ರಮದಲ್ಲಿ ‘ಳ’ ಅಕ್ಷರ ‘ವ’ಕ್ಕಿಂತ ಮುಂಚೆ ಬರುತ್ತದೆ, ಕನ್ನಡ ವರ್ಣಮಾಲೆಯಲ್ಲಿ ಅದರ ಜಾಗ ‘ಹ’ದ ನಂತರ. ಆದರೂ ಬಿಡಲೇಬೇಕು. ಎಣಿಸುವುದು, ಕತ್ತರಿಸುವುದು, ಹೋಲಿಸುವುದು ಒಂದೇ ಎಳೆಯವು. ವಿಂಗಡಣೆ ಬೇರೆ ಎಳೆ, ಅದಕ್ಕೆ ಬೇರೆಯೇ ಅರ್ಜಿ.

ಶೀರ್ಷಿಕೆ ಈಗ ಬರೆಯಬಹುದು. ಮೊದಲು ಹೊಳೆಯುವುದು ‘ಲಕ್ಷ್ಮೀದೇವಿ ಲಕ್ಷ್ಮೀದೇವ ಆದ ಕಥೆ’. ಕನ್ನಡಿಗರಿಗೆ ಇದು ರುಚಿಸುತ್ತದೆ; ಆದರೆ ಓದುವವರಲ್ಲಿ ಬಂಗಾಳಿಗಳೂ ಮಲಯಾಳಿಗಳೂ ಇದ್ದಾರೆ, ಉಪನ್ಯಾಸ ಯಾವುದರ ಬಗ್ಗೆ ಎಂಬುದು ಇದರಿಂದ ಅವರಿಗೆ ತಿಳಿಯುವುದಿಲ್ಲ. ಶ್ಲೇಷೆ, ಸಿನಿಮಾ ಹಾಡಿನ ಸಾಲು, ಒಳಗಿನವರ ತಮಾಷೆ ಇವೆಲ್ಲ ಹೀಗೆಯೇ ಸೋಲುತ್ತವೆ. ಇನ್ನೊಂದು ತುದಿಯಲ್ಲಿ ‘ಪೈಥಾನ್ ಸ್ಟ್ರಿಂಗ್‌ಗಳಲ್ಲಿ ಯೂನಿಕೋಡ್ ನಾರ್ಮಲೈಸೇಶನ್’ ಎಂಬ ಶೀರ್ಷಿಕೆ. ಇದು ನಿಖರ, ಆದರೆ ಆ ಪದ ಮೊದಲೇ ಗೊತ್ತಿರುವವರನ್ನು ಮಾತ್ರ ಕರೆಯುತ್ತದೆ, ಅವರಿಗೆ ಈ ಉಪನ್ಯಾಸದ ಅಗತ್ಯವೇ ಕಡಿಮೆ. ಎರಡರ ನಡುವೆ ನಿಲ್ಲುವುದು ಇದು: ‘ನಾಲ್ಕಕ್ಷರದ ಹೆಸರು, ಹನ್ನೊಂದರ ಉದ್ದ: ಪೈಥಾನ್‌ನಲ್ಲಿ ಭಾರತೀಯ ಲಿಪಿಗಳನ್ನು ಮುರಿಯದೆ ಕತ್ತರಿಸುವುದು’. ವಿವರಚಿಹ್ನೆಗೆ ಮುಂಚಿನ ಭಾಗ ವಿಚಿತ್ರವನ್ನು ತೋರಿಸುತ್ತದೆ, ನಂತರದ ಭಾಗ ಕಲಿಯಲು ಸಿಗುವುದನ್ನು ಹೇಳುತ್ತದೆ. ಕಾರ್ಯಕ್ರಮಪಟ್ಟಿಯನ್ನು ಮೊಬೈಲ್‌ನಲ್ಲಿ ನೋಡುವವರಿಗೆ ಶೀರ್ಷಿಕೆಯ ಬಾಲ ಕತ್ತರಿಸಿಹೋಗುವುದುಂಟು. ಹಾಗೆ ಆಗುವ ಕಡೆ ಎರಡನೆಯ ಭಾಗವೊಂದನ್ನೇ ಇಟ್ಟುಕೊಂಡರೂ ನಷ್ಟವಿಲ್ಲ. ಮೊದಲನೆಯದನ್ನು ಮಾತ್ರ ಇಟ್ಟರೆ ಮತ್ತೆ ಒಗಟು.

ತಿದ್ದಿದ ಸಾರಾಂಶ ಹೀಗಿದೆ:

‘ಹೆಸರಿನ ಕಾಲಂಗೆ ಹತ್ತರ ಮಿತಿಯಿದ್ದ ಪ್ರೋಗ್ರಾಂ ಒಂದು ಲಕ್ಷ್ಮೀದೇವಿ ಎಂಬ ಹೆಣ್ಣಿನ ಹೆಸರನ್ನು ಲಕ್ಷ್ಮೀದೇವ ಎಂಬ ಗಂಡಿನ ಹೆಸರಾಗಿ ಮುದ್ರಿಸಿತು. ಕನ್ನಡ ಓದುವವರಿಗೆ ಇದರಲ್ಲಿರುವುದು ನಾಲ್ಕು ಅಕ್ಷರ. ಪೈಥಾನ್ ಎಣಿಸುವುದು ಹನ್ನೊಂದು. ದೇವನಾಗರಿ, ಬಂಗಾಳಿ, ಮಲಯಾಳಂಗಳಲ್ಲೂ ಇದೇ ತೊಂದರೆ ಇದೆ. ಈ ಉಪನ್ಯಾಸ ಆ ವ್ಯತ್ಯಾಸದ ಕಾರಣವನ್ನು ತೋರಿಸಿ, ಎರಡು ತಪ್ಪುಗಳನ್ನು ಸರಿಪಡಿಸುತ್ತದೆ: ಅಕ್ಷರದ ನಡುವೆ ಹೆಸರು ಕತ್ತರಿಸಿಹೋಗುವುದು, ಮತ್ತು ಒಂದೇ ಥರ ಕಾಣುವ ಎರಡು ಹೆಸರುಗಳು ಹೋಲಿಕೆಯಲ್ಲಿ ಬೇರೆಯಾಗುವುದು. ಸಿದ್ಧ ಲೈಬ್ರರಿಗಳು ಒತ್ತಕ್ಷರಗಳ ಮುಂದೆ ಎಲ್ಲಿ ಸೋಲುತ್ತವೆ ಎಂಬುದನ್ನೂ ಹೇಳಲಾಗುವುದು. ಕೇಳುಗರಿಗೆ ಪೈಥಾನ್‌ನ ಸಾಮಾನ್ಯ ಪರಿಚಯ ಸಾಕು, ಯೂನಿಕೋಡ್ ಗೊತ್ತಿರಬೇಕಾಗಿಲ್ಲ.’

ಗಮನಿಸಬೇಕಾದದ್ದು ವಾಕ್ಯಗಳ ಕ್ರಮ. ಮೊದಲ ವಾಕ್ಯವೇ ಘಟನೆ, ಪೀಠಿಕೆಯಲ್ಲ. ನಾಲ್ಕನೆಯ ವಾಕ್ಯ ಕನ್ನಡದ ತೊಂದರೆಯನ್ನು ಸಭಾಂಗಣದಲ್ಲಿರುವ ಬೇರೆಯವರ ತೊಂದರೆಯೂ ಆಗಿಸುತ್ತದೆ; ಇದಿಲ್ಲದಿದ್ದರೆ ‘ವಿಷಯ ಒಂದು ರಾಜ್ಯದವರಿಗೆ ಮಾತ್ರ’ ಎಂಬ ಟಿಪ್ಪಣಿಯೊಂದಿಗೆ ಅರ್ಜಿ ವಾಪಸಾಗಬಹುದು. ಲೈಬ್ರರಿಗಳ ಸೋಲಿನ ಮಾತು ಅರ್ಜಿಯನ್ನು ದುರ್ಬಲಗೊಳಿಸುವಂತೆ ಕಂಡರೂ ಪರಿಣಾಮ ಅದಕ್ಕೆ ತದ್ವಿರುದ್ಧ: ಪರಿಹಾರದ ಮಿತಿ ಎಲ್ಲಿದೆ ಎಂದು ಹೇಳಬಲ್ಲವರು ಅದನ್ನು ಬಳಸಿ ನೋಡಿದವರೇ ಆಗಿರುತ್ತಾರೆ. ಕೊನೆಯ ವಾಕ್ಯ ಬಾಗಿಲಲ್ಲಿ ಯಾರನ್ನು ಒಳಗೆ ಬಿಡಬೇಕೆಂಬುದನ್ನು ತೀರ್ಮಾನಿಸುತ್ತದೆ. ‘ಎಲ್ಲರಿಗೂ ಉಪಯುಕ್ತ’ ಎಂಬ ಮಾತಿನಿಂದ ಆ ಕೆಲಸ ಆಗದು.

ಅನೇಕ ಸಮ್ಮೇಳನಗಳ ಅರ್ಜಿಯಲ್ಲಿ ಸಾರಾಂಶದ ಜೊತೆಗೆ ಪರಿಶೀಲಕರಿಗಷ್ಟೇ ಕಾಣುವ ಇನ್ನೊಂದು ಕಾಲಂ ಇರುತ್ತದೆ. ಸಾರಾಂಶ ಕಾರ್ಯಕ್ರಮಪಟ್ಟಿಯಲ್ಲಿ ಅಚ್ಚಾಗುತ್ತದೆ, ಇದು ಅಚ್ಚಾಗುವುದಿಲ್ಲ. ಸಾರಾಂಶವನ್ನೇ ಇಲ್ಲಿ ನಕಲು ಮಾಡುವುದು ಸಾಮಾನ್ಯ ತಪ್ಪು. ಇಲ್ಲಿ ಬರಬೇಕಾದದ್ದು ಉಪನ್ಯಾಸದ ನಿಮಿಷವಾರು ಲೆಕ್ಕ. ನಮ್ಮ ಅರ್ಜಿಯಲ್ಲಿ ಅದು ಹೀಗಿರಬಹುದು: ಕತ್ತರಿಸಿಹೋದ ಹೆಸರಿನ ಪ್ರದರ್ಶನಕ್ಕೆ 3 ನಿಮಿಷ, ಹನ್ನೊಂದು ಸಂಕೇತಗಳನ್ನು ಬಿಡಿಸಿ ತೋರಿಸಲು 6, ಹೋಲಿಕೆಯ ತೊಂದರೆ ಮತ್ತು ಪರಿಹಾರಕ್ಕೆ 6, ಸರಿಯಾಗಿ ಕತ್ತರಿಸುವ ಬಗೆಗೆ 7, ಲೈಬ್ರರಿಗಳ ಮಿತಿಗೆ 3, ಪ್ರಶ್ನೋತ್ತರಕ್ಕೆ 5. ಒಟ್ಟು 30. ಪ್ರಶ್ನೋತ್ತರದ ಸಮಯ ಇದರೊಳಗೆ ಸೇರಿದೆಯೇ ಎಂಬುದು ಸಮ್ಮೇಳನದಿಂದ ಸಮ್ಮೇಳನಕ್ಕೆ ಬದಲಾಗುತ್ತದೆ, ಪ್ರಕಟಣೆಯಲ್ಲಿ ನೋಡಿಕೊಳ್ಳಬೇಕು. ಈ ಲೆಕ್ಕ ಬರೆಯುವಾಗಲೇ ಅರ್ಜಿದಾರರಿಗೂ ಸತ್ಯ ಗೊತ್ತಾಗುತ್ತದೆ: ‘ಯೂನಿಕೋಡ್‌ನ ಇತಿಹಾಸ’ಕ್ಕೆ 10 ನಿಮಿಷ ಕೊಟ್ಟಿದ್ದರೆ ಶೀರ್ಷಿಕೆಯಲ್ಲಿ ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಜಾಗವೇ ಉಳಿದಿರುವುದಿಲ್ಲ.

ಮಾರಾಟದ ವಾಸನೆ ಬಂದ ಅರ್ಜಿಗಳನ್ನು ಪರಿಶೀಲಕರು ಬೇಗ ಗುರುತಿಸುತ್ತಾರೆ. ತಮ್ಮದೇ ತಂತ್ರಾಂಶದ ಬಗ್ಗೆ ಮಾತನಾಡಬಾರದೆಂದೇನಿಲ್ಲ, ಆದರೆ ಅದನ್ನು ಕೊಳ್ಳದವರಿಗೂ ಉಪನ್ಯಾಸದಿಂದ ಏನಾದರೂ ದಕ್ಕಬೇಕು.

ಕಳಿಸುವ ಮುನ್ನ ಮಾಡಬಹುದಾದ ಒಂದು ಪರೀಕ್ಷೆ ಇದೆ. ಆ ವಿಷಯ ಗೊತ್ತಿಲ್ಲದ, ಆದರೆ ಅದೇ ವೃತ್ತಿಯಲ್ಲಿರುವ ಒಬ್ಬರಿಗೆ ಶೀರ್ಷಿಕೆ ಮತ್ತು ಸಾರಾಂಶವನ್ನು ಒಮ್ಮೆ ಓದಲು ಕೊಟ್ಟು, ಕಾಗದ ಹಿಂದಕ್ಕೆ ತೆಗೆದುಕೊಂಡು, ಉಪನ್ಯಾಸದಲ್ಲಿ ಏನಿರುತ್ತದೆ ಎಂದು ಕೇಳುವುದು. ‘ಕನ್ನಡ ಯೂನಿಕೋಡ್ ಬಗ್ಗೆ ಏನೋ’ ಎಂಬ ಉತ್ತರ ಬಂದರೆ ಮತ್ತೆ ಬರೆಯಬೇಕು. ‘ಹೆಸರು ತಪ್ಪಾಗಿ ಕತ್ತರಿಸುವುದನ್ನು ತಡೆಯುವುದು ಹೇಗೆ ಅಂತ’ ಎಂದರೆ ಕಳಿಸಬಹುದು.

ಇಷ್ಟಾದರೂ ಅರ್ಜಿ ತಿರಸ್ಕೃತವಾಗಬಹುದು. ಅದೇ ವಿಷಯದ ಇನ್ನೊಂದು ಅರ್ಜಿ ಮೊದಲೇ ಆಯ್ಕೆಯಾಗಿದ್ದರೂ ಸಾಕು. ಕೆಲವು ಸಮಿತಿಗಳು ಕೇಳಿದರೆ ಪರಿಶೀಲಕರ ಟಿಪ್ಪಣಿ ಕೊಡುತ್ತವೆ. ‘ವ್ಯಾಪ್ತಿ ದೊಡ್ಡದು’ ಎಂದಿದ್ದರೆ ನಿಮಿಷವಾರು ಲೆಕ್ಕವನ್ನು ತಿದ್ದಬೇಕು, ‘ಯಾರಿಗೆಂದು ತಿಳಿಯಲಿಲ್ಲ’ ಎಂದಿದ್ದರೆ ಸಾರಾಂಶದ ಕೊನೆಯ ವಾಕ್ಯವನ್ನು. ತಿದ್ದಿದ್ದನ್ನು ಮುಂದಿನ ಸಮ್ಮೇಳನಕ್ಕೆ ಕಳಿಸಲು ಅಡ್ಡಿಯಿಲ್ಲ. ಆದರೆ ಅಲ್ಲಿನ ಕೇಳುಗರು ಬೇರೆ: ಬೆಂಗಳೂರಿನ ಸಭೆಯಲ್ಲಿ ಲಕ್ಷ್ಮೀದೇವಿಯ ಹೆಸರಿಗೆ ವಿವರಣೆ ಬೇಕಾಗದು, ಬರ್ಲಿನ್‌ನಲ್ಲಾದರೆ ಒತ್ತಕ್ಷರ ಎಂದರೇನೆಂಬುದಕ್ಕೇ ಎರಡು ನಿಮಿಷ ಮೀಸಲಿಡಬೇಕು.