ಮಾಲು ಓಡುತ್ತಿದೆ, ದುಡ್ಡು ಕೂತಿದೆ

ತಾಲೂಕು ಕೇಂದ್ರದ ಬಸ್ ನಿಲ್ದಾಣದ ಹಿಂದೆ ಒಂದು ಹಾರ್ಡ್‌ವೇರ್ ಅಂಗಡಿ ಇದೆ ಎಂದುಕೊಳ್ಳಿ. ಮುಂದೆ ಸಿಮೆಂಟು, ಪೈಪು, ವೈರು, ಬಣ್ಣ. ಹಿಂದಿನ ಗೋಡೌನಿನಲ್ಲಿ ಟೈಲ್ಸ್. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಇಟ್ಟಿದ್ದೇನೆ. ಹೋದ ವರ್ಷ ಮಾರಿದ ಮಾಲಿನ ಅಸಲು 60 ಲಕ್ಷ ರೂಪಾಯಿ, ಅಂಗಡಿಯಲ್ಲಿ ಸರಾಸರಿ ಇದ್ದ ದಾಸ್ತಾನು 10 ಲಕ್ಷ. ಈ ವರ್ಷ ವ್ಯಾಪಾರ ಏರಿತು: ಅಸಲು 90 ಲಕ್ಷ, ದಾಸ್ತಾನು 15 ಲಕ್ಷ.

ಮಾರಿದ ಮಾಲಿನ ಅಸಲನ್ನು ಸರಾಸರಿ ದಾಸ್ತಾನಿನಿಂದ ಭಾಗಿಸಿದರೆ ಸಿಗುವುದೇ ಸ್ಟಾಕ್ ಟರ್ನೋವರ್ ಅನುಪಾತ. ಎರಡೂ ವರ್ಷ ಅದು 6. ಅಂದರೆ ಮಾಲು ವರ್ಷಕ್ಕೆ ಆರು ಸುತ್ತು ಹಾಕುತ್ತಿದೆ, ತಂದದ್ದು ಸರಾಸರಿ 61 ದಿನಕ್ಕೆ ಹೊರಬೀಳುತ್ತಿದೆ. ಅನುಪಾತ ನೋಡಿದ ಆಡಿಟರು ‘ಏನೂ ತೊಂದರೆಯಿಲ್ಲ’ ಅನ್ನುತ್ತಾರೆ. ಡೀಲರಿಗೆ ಚೆಕ್ಕು ಕೊಡುವ ದಿನ ಬಂದಾಗಲೆಲ್ಲ ಮಾಲೀಕರು ಬೆವರುತ್ತಾರೆ.

ಇಬ್ಬರ ಮಾತೂ ನಿಜ. ಅನುಪಾತ ಹೇಳುವುದು ವೇಗವನ್ನು. ಸರಾಸರಿ ದಾಸ್ತಾನು ಹೇಳುವುದು ಎಷ್ಟು ದುಡ್ಡು ಕಟ್ಟಿಹಾಕಿಕೊಂಡಿದೆ ಎಂಬುದನ್ನು. ವೇಗ ಬದಲಾಗಲಿಲ್ಲ, ಆದರೆ ಇನ್ನೂ 5 ಲಕ್ಷ ರೂಪಾಯಿ ಮಾಲಿನ ರೂಪ ತಾಳಿ ಕೂತುಬಿಟ್ಟಿತು. ಬ್ಯಾಂಕಿನ ಸಿ.ಸಿ. ಖಾತೆಯಿಂದ ತೆಗೆದ ಹಣವಾದರೆ, ನೂರಕ್ಕೆ ಹತ್ತರ ಬಡ್ಡಿಯಲ್ಲಿ ವರ್ಷಕ್ಕೆ 50,000 ರೂಪಾಯಿ ಹೆಚ್ಚುವರಿ ಖರ್ಚು. ಅನುಪಾತದಲ್ಲಿ ಈ ಬಡ್ಡಿಯ ಸುಳಿವೇ ಇಲ್ಲ.

ಇನ್ನು ಆ 6 ಎಂಬ ಅಂಕಿಯನ್ನೇ ಬಿಚ್ಚಿ ನೋಡೋಣ. 15 ಲಕ್ಷದಲ್ಲಿ ಸಿಮೆಂಟು ಒಂದೂವರೆ ಲಕ್ಷದ್ದು ಮಾತ್ರ. ಆದರೆ ವರ್ಷಕ್ಕೆ 45 ಲಕ್ಷದಷ್ಟು ಹೋಗುತ್ತದೆ. ಮೂವತ್ತು ಸುತ್ತು, ಹನ್ನೆರಡು ದಿನಕ್ಕೊಂದು ಲೋಡು. ಹೀಗೆ ಓಡಲೇಬೇಕು ಕೂಡ: ಮೂರು ತಿಂಗಳು ಕೂತ ಸಿಮೆಂಟು ತೇವ ಹೀರಿ ಗಟ್ಟಿಯಾಗತೊಡಗುತ್ತದೆ, ಬಲವೂ ಕುಂದುತ್ತದೆ. ಪೈಪು, ವೈರು, ಬಣ್ಣ ಸೇರಿ ಎಂಟೂವರೆ ಲಕ್ಷ. ಐದು ಸುತ್ತು, ಪರವಾಗಿಲ್ಲ. ಉಳಿದ 5 ಲಕ್ಷ ಗೋಡೌನಿನ ಟೈಲ್ಸು. ವರ್ಷದಲ್ಲಿ ಹೋದದ್ದು ಎರಡೂವರೆ ಲಕ್ಷದ್ದು, ಅಂದರೆ ಅರ್ಧ ಸುತ್ತು. ಇದೇ ಗತಿಯಲ್ಲಿ ಪೂರ್ತಿ ಖಾಲಿಯಾಗಲು ಎರಡು ವರ್ಷ ಬೇಕು.

ಅಲ್ಲಿಗೆ ಒಮ್ಮೆ ಹೋಗಿ ನಿಂತರೆ ಕಾರಣ ಕಾಣುತ್ತದೆ. ಒಂದು ಡಿಸೈನಿನ ಆರು ಬಾಕ್ಸು, ಇನ್ನೊಂದರ ನಾಲ್ಕು. ಬಾಕ್ಸಿನ ಮೇಲೆ ಬ್ಯಾಚ್ ನಂಬರು, ಶೇಡ್ ನಂಬರು ಇರುತ್ತದೆ. ಬ್ಯಾಚ್ ಬದಲಾದರೆ ಅದೇ ಡಿಸೈನಿನ ಬಣ್ಣವೂ ಒಂದು ಎಳೆ ಆಚೀಚೆ. ಹೊಸದಾಗಿ ತರಿಸಿ ಸೇರಿಸಲು ಬರುವುದಿಲ್ಲ, ಇದ್ದಷ್ಟರಲ್ಲಿ ಒಂದು ಕೋಣೆಯೂ ಮುಗಿಯುವುದಿಲ್ಲ. ಸಿಮೆಂಟಿನ ಮೂವತ್ತು ಸುತ್ತು ಈ ಧೂಳನ್ನು ಮುಚ್ಚಿ 6 ಎಂಬ ಮರ್ಯಾದಸ್ಥ ಅಂಕಿ ಮಾಡಿತು. 15 ಲಕ್ಷ ಎಂಬ ಸರಾಸರಿಯೂ ಅಷ್ಟೇ, ಅದರಲ್ಲಿ ಯಾವುದು ಓಡುವ ಮಾಲು, ಯಾವುದು ಸತ್ತ ಮಾಲು ಎಂದು ಬಾಯಿಬಿಡುವುದಿಲ್ಲ. ಬಾಬ್ತುವಾರು ಬಿಡಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟಾಗಲೇ ಗುಟ್ಟು ಹೊರಬೀಳುವುದು.

ಸರಾಸರಿ ತೆಗೆಯುವ ರೀತಿಯಲ್ಲೂ ಒಂದು ಮೋಸವಿದೆ, ಯಾರೂ ಬೇಕೆಂದು ಮಾಡಿದ್ದಲ್ಲ. ಏಪ್ರಿಲ್ 1 ಮತ್ತು ಮಾರ್ಚ್ 31ರ ದಾಸ್ತಾನು ಕೂಡಿಸಿ ಎರಡರಿಂದ ಭಾಗಿಸುವುದು ರೂಢಿ. ಸ್ಟಾಕ್ ಎಣಿಸುವ ತಲೆನೋವು ಕಡಿಮೆಯಾಗಲೆಂದು ಮಾರ್ಚಿನಲ್ಲಿ ಖರೀದಿ ಬಿಗಿಹಿಡಿಯುವ ಅಂಗಡಿಗಳುಂಟು. ನಮ್ಮ ಅಂಗಡಿಯಲ್ಲಿ ಆ ಎರಡು ದಿನ 8 ಲಕ್ಷ ಮತ್ತು 10 ಲಕ್ಷ ಇತ್ತೆನ್ನಿ. ಸರಾಸರಿ 9 ಲಕ್ಷ, ಅನುಪಾತ ಒಮ್ಮೆಲೇ 10! ಹನ್ನೆರಡು ತಿಂಗಳ ಕೊನೆಯ ದಾಸ್ತಾನು ಕೂಡಿಸಿ ಹನ್ನೆರಡರಿಂದ ಭಾಗಿಸಿದಾಗಲಷ್ಟೆ ನಿಜವಾದ 15 ಲಕ್ಷ ಕಾಣುವುದು. ಅಸಲಿನ ಬದಲು ಮಾರಾಟದ ಮೊತ್ತ ಹಾಕಿದರೂ ಲಾಭ ಸೇರಿಕೊಂಡು ಅನುಪಾತ ಉಬ್ಬುತ್ತದೆ.

ಹಾಗೆಂದು ಅನುಪಾತ ಏರಿದಷ್ಟೂ ಒಳ್ಳೆಯದೆಂದಲ್ಲ. ಅರ್ಧ ಇಂಚಿನ ಎಲ್ಬೋ ಸದಾ ಖಾಲಿಯಿದ್ದರೂ ದಾಸ್ತಾನು ಇಳಿದು ಅನುಪಾತ ಏರುತ್ತದೆ. ಪ್ಲಂಬರು ಎರಡು ಸಲ ಬಂದು ವಾಪಸ್ಸು ಹೋದರೆ ಮೂರನೇ ಸಲ ಎದುರಿನ ಅಂಗಡಿಗೇ ಹೋಗುತ್ತಾನೆ. ಅವನು ಕೊಳ್ಳದೆ ಹೋದದ್ದು ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ.

ಈಗ ಮಾಲೀಕರು ಮನಸ್ಸು ಗಟ್ಟಿಮಾಡಿ ಆ 5 ಲಕ್ಷದ ಟೈಲ್ಸನ್ನು 3 ಲಕ್ಷಕ್ಕೆ ಸಗಟಾಗಿ ಕೊಟ್ಟುಬಿಟ್ಟರೆನ್ನಿ. 2 ಲಕ್ಷ ನಷ್ಟ ಲೆಕ್ಕದಲ್ಲಿ ಕೆಂಪಗೆ ಕಾಣುತ್ತದೆ, ಮನೆಯಲ್ಲೂ ನಾಲ್ಕು ಮಾತು ಬರಬಹುದು. ಆದರೆ ಸಿ.ಸಿ. ಖಾತೆಗೆ 3 ಲಕ್ಷ ವಾಪಸು ಬೀಳುತ್ತದೆ, ಗೋಡೌನಿನ ಒಂದು ಮೂಲೆ ಖಾಲಿಯಾಗುತ್ತದೆ. ಟೈಲ್ಸ್ ಬಿಟ್ಟು ಉಳಿದ ವ್ಯಾಪಾರ ಹಾಗೇ ಸಾಗಿದರೆ, ಮರುವರ್ಷ ಸರಾಸರಿ ದಾಸ್ತಾನು 10 ಲಕ್ಷ, ಮಾರಿದ ಮಾಲಿನ ಅಸಲು 87.5 ಲಕ್ಷ, ಅನುಪಾತ 8.75. ಅಷ್ಟಕ್ಕೂ ಒಂದು ಮೂಟೆ ಸಿಮೆಂಟೂ ಹೆಚ್ಚಿಗೆ ಮಾರಿರುವುದಿಲ್ಲ.