ಗುರುವಾರದಂದು ಭಾನುವಾರದ ಬಸ್ಸು

ಜರ್ಮನಿಯ ಹಳ್ಳಿಯೊಂದರ ಬಸ್ ನಿಲ್ದಾಣದಲ್ಲಿ ತೂಗುಹಾಕಿದ ವೇಳಾಪಟ್ಟಿಯ ಫೋಟೊವನ್ನು ಮೊಬೈಲಿಗೆ ಕೊಟ್ಟರೆ ಪದಗಳೇನೋ ಅನುವಾದವಾಗುತ್ತವೆ. ಆದರೆ ಅಂಕಿಗಳ ಪಕ್ಕದ ಪುಟ್ಟ ಅಕ್ಷರ, ಚಿಹ್ನೆಗಳು ಹಾಗೆಯೇ ಉಳಿಯುತ್ತವೆ. ಬಸ್ಸು ಬರುತ್ತದೋ ಇಲ್ಲವೋ ಎಂಬುದು ಅಲ್ಲೇ ಅಡಗಿರುತ್ತದೆ.

ಪಟ್ಟಿಯ ಎಡಗಡೆ ಗಂಟೆ, ಅದರ ಎದುರಿಗೆ ನಿಮಿಷಗಳು. 7ರ ಸಾಲಿನಲ್ಲಿ 12, 42 ಎಂದಿದ್ದರೆ 7.12ಕ್ಕೆ ಮತ್ತು 7.42ಕ್ಕೆ ಬಸ್ಸು. ಸಾಮಾನ್ಯವಾಗಿ ಸೋಮವಾರದಿಂದ ಶುಕ್ರವಾರಕ್ಕೆ ಒಂದು ಕಾಲಂ, ಶನಿವಾರಕ್ಕೊಂದು, ಭಾನುವಾರ ಮತ್ತು ಸರ್ಕಾರಿ ರಜೆಗೆ ಇನ್ನೊಂದು. ಕೆಲವು ಪಟ್ಟಿಗಳಲ್ಲಿ ಇದರ ಬದಲು ಚಿಹ್ನೆಗಳಿರುತ್ತವೆ. ಒಂದರ ಮೇಲೊಂದು ಅಡ್ಡ ಇಟ್ಟ ಎರಡು ಸುತ್ತಿಗೆ ಕೆಲಸದ ದಿನವನ್ನು ಸೂಚಿಸುತ್ತದೆ. ಅದರಲ್ಲಿ ಶನಿವಾರವೂ ಸೇರುತ್ತದೆ. ಶಿಲುಬೆ ಇದ್ದರೆ ಭಾನುವಾರ ಮತ್ತು ಹಬ್ಬದ ರಜೆ. ನಿಮಿಷದ ಪಕ್ಕದಲ್ಲಿ S ಇದ್ದರೆ ಹೆಚ್ಚಾಗಿ ಶಾಲೆ ನಡೆಯುವ ದಿನ ಮಾತ್ರ ಓಡುವ ಬಸ್ಸು. ಆದರೆ ಅಕ್ಷರಗಳ ಅರ್ಥ ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ, ಅದೇ ಹಾಳೆಯ ಕೆಳಗಿನ ವಿವರಣೆಯೇ ಅಂತಿಮ.

ಬವೇರಿಯಾದ ಒಂದು ಹಳ್ಳಿಯಲ್ಲಿ 7.12ರ ಪಕ್ಕ S ಇದೆ, 7.42ಕ್ಕೆ ಇಲ್ಲ ಎಂದುಕೊಳ್ಳಿ. 2026ರ ಜೂನ್ 4 ಗುರುವಾರ. ಅಂದು ಕಾರ್ಪಸ್ ಕ್ರಿಸ್ಟಿ ಹಬ್ಬ, ಬವೇರಿಯಾಕ್ಕೆ ಸರ್ಕಾರಿ ರಜೆ. ಹಾಗಾಗಿ ವಾರದ ದಿನದ ಕಾಲಂ ಬಿಟ್ಟು ಭಾನುವಾರದ್ದನ್ನೇ ನೋಡಬೇಕು. ಬರ್ಲಿನ್‌ನಲ್ಲಿ ಆ ರಜೆಯಿಲ್ಲ, ಅಲ್ಲಿ ಎಂದಿನಂತೆ ಗುರುವಾರದ ಓಡಾಟ. ಮರುದಿನ ಶುಕ್ರವಾರ ಸರ್ಕಾರಿ ರಜೆಯಲ್ಲ, ಆದರೆ ಬವೇರಿಯಾದ ಶಾಲೆಗಳಿಗೆ ರಜೆ. ಆದ್ದರಿಂದ 7.12ರ ಬಸ್ಸು ಬರುವುದಿಲ್ಲ, 7.42ರದ್ದು ಬರುತ್ತದೆ. ಪಟ್ಟಿ ಓದುವ ಮೊದಲು ಇವತ್ತು ಯಾವ ಬಗೆಯ ದಿನ, ಯಾವ ರಾಜ್ಯದಲ್ಲಿ ಎಂದು ತಿಳಿದುಕೊಳ್ಳಬೇಕಾದುದು ಇದಕ್ಕೇ.

ನಗರದಲ್ಲಿ ದಟ್ಟಣೆಯ ಹೊತ್ತಿಗೆ ನಿಮಿಷಗಳನ್ನೇ ಬರೆಯದೆ ‘6ರಿಂದ 9ರವರೆಗೆ 10 ನಿಮಿಷಕ್ಕೊಮ್ಮೆ’ ಎಂದು ಹಾಕುವುದುಂಟು. ಹಳ್ಳಿಗಳಲ್ಲಿ ದಟ್ಟಣೆಯೆಂದರೆ ಬಹುಪಾಲು ಶಾಲಾಮಕ್ಕಳೇ. ಬೆಳಿಗ್ಗೆ ಏಳರ ಸುತ್ತ ಮತ್ತು ಮಧ್ಯಾಹ್ನ ಒಂದರ ಸುತ್ತ ಬಸ್ಸು ಹೆಚ್ಚು, ಶಾಲೆಗೆ ರಜೆ ಬಂದರೆ ಆ ಹೆಚ್ಚಿನವು ನಿಂತುಹೋಗುತ್ತವೆ.

ಇನ್ನು ಕೋರಿಕೆ ನಿಲುಗಡೆ. ಹತ್ತುವವರು ಚಾಲಕನಿಗೆ ಕಾಣುವಂತೆ ನಿಂತು ಕೈ ತೋರಿಸಬೇಕು, ಇಳಿಯುವವರು ಮುಂಚೆಯೇ ಗುಂಡಿ ಒತ್ತಬೇಕು. ಸುಮ್ಮನೆ ಬೆಂಚಿನ ಮೇಲೆ ಕುಳಿತಿದ್ದರೆ ಬಸ್ಸು ಮುಂದೆ ಹೋದೀತು. ಪಕ್ಕದಲ್ಲಿ ಟೆಲಿಫೋನ್ ಚಿತ್ರವಿದ್ದರೆ ಅದು ಬೇರೆಯೇ ಏರ್ಪಾಡು: ಆ ಬಸ್ಸು ಮೊದಲೇ ಫೋನ್ ಮಾಡಿ ಕಾದಿರಿಸಿದರೆ ಮಾತ್ರ ಹೊರಡುತ್ತದೆ. ಎಷ್ಟು ಹೊತ್ತು ಮುಂಚೆ ಎಂಬುದೂ ಅಡಿಟಿಪ್ಪಣಿಯಲ್ಲಿರುತ್ತದೆ.

ಆದ್ದರಿಂದ ಫೋಟೊದಲ್ಲಿ ಕಾಲಂಗಳ ತಲೆಬರಹ, ಕೆಳಗಿನ ವಿವರಣೆ ಎರಡೂ ಬರಬೇಕು. ಎಂದಿನಿಂದ ಜಾರಿ ಎಂಬ ತಾರೀಖನ್ನೂ ಬಿಡಬೇಡಿ. ಡಿಸೆಂಬರ್ ಮಧ್ಯದಲ್ಲಿ ಯುರೋಪಿನ ರೈಲು ವೇಳಾಪಟ್ಟಿ ಬದಲಾದಾಗ ರೈಲಿಗೆ ಹೊಂದಿಕೊಂಡ ಬಸ್ಸುಗಳ ಸಮಯವೂ ಬದಲಾಗುತ್ತದೆ. ಕಳೆದ ಪ್ರವಾಸದ ಫೋಟೊ ಆಗ ಉಪಯೋಗಕ್ಕೆ ಬಾರದು.